ಐಸ್ ಕೂಡ ನೀರೇ: ಕೆಫೆಗೆ ಕೋಲ್ಡ್ ಬ್ರೂ ಹಾಕುವ ಲೆಕ್ಕ

(ಸಣ್ಣ ಕೆಫೆ ನಡೆಸುವವರು ಬೆಂಗಳೂರಿನಲ್ಲಿ ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಕೇಳಿದವರ ಪ್ರಶ್ನೆಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೇಷ್ಟ್ರಲ್ಲ, ಕೌಂಟರಿನ ಹಿಂದೆ ನಿಲ್ಲುವವನು. ಹಾಗಾಗಿ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೀನಿ.

ಕೋಲ್ಡ್ ಬ್ರೂ ಅಂದರೆ ಪುಡಿಯನ್ನು ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿ. ಮೊದಲ ಬೇಸಿಗೆಯಲ್ಲಿ ನಮ್ಮ ಕೋಲ್ಡ್ ಬ್ರೂ ಬಗ್ಗೆ ಒಂದೇ ದೂರು ಬರ್ತಿತ್ತು. "ಅಣ್ಣಾ, ಇದು ಕಾಫಿ ತೊಳೆದ ನೀರಿನ ಥರ ಇದೆ." ನಾನು ಪುಡಿ ಬದಲಾಯಿಸಿದೆ. ನೆನೆಸುವ ಹೊತ್ತು ಹೆಚ್ಚಿಸಿದೆ. ಕೊನೆಗೆ ಎಸ್ಟೇಟನ್ನೇ ಬದಲಾಯಿಸಿದೆ. ದೂರು ಮಾತ್ರ ನಿಲ್ಲಲಿಲ್ಲ. ತಪ್ಪು ಪುಡಿಯಲ್ಲಿ ಇರಲೇ ಇಲ್ಲ, ಲೋಟದಲ್ಲಿತ್ತು. ಸೋಸಿದ ಕಾಫಿ ಒಂದು ಪಾಲಿಗೆ ಎರಡು ಪಾಲು ನೀರು ಅಂತ ಎಲ್ಲೋ ಓದಿದ್ದೆ. ಅದರಂತೆ ನೀರು ಹಾಕಿ, ಆಮೇಲೆ ಲೋಟದ ತುಂಬ ಐಸ್ ಹಾಕ್ತಿದ್ದೆ. ಐಸ್ ಕೂಡ ನೀರೇ ಅನ್ನೋದು ಲೆಕ್ಕಕ್ಕೇ ಬಂದಿರಲಿಲ್ಲ.

ಇವತ್ತು ಎರಡೇ ವಿಷಯ ಹೇಳ್ತೀನಿ. ಲೋಟದಲ್ಲಿ ನೀರು ಎಷ್ಟು, ಬಾಟಲಿಯಲ್ಲಿ ದಿನ ಎಷ್ಟು. ಅದಕ್ಕೂ ಮೊದಲು ಒಂದು ಬ್ಯಾಚ್ ಹಾಕೋಣ. ಕಣ್ಣ ಮುಂದೆ ಒಂದು ಪಾತ್ರೆ ಇದ್ದರೆ ಲೆಕ್ಕ ಸುಲಭ.

ಒಂದು ಕಿಲೋ ಕಾಫಿ ಬೀಜ ತಗೊಳ್ಳಿ. ನಾನು ಚಿಕ್ಕಮಗಳೂರು ಕಡೆಯ ಅರೇಬಿಕಾ ಹಾಕ್ತೀನಿ, ಮಧ್ಯಮ ಹುರಿದದ್ದು. ಚಿಕೋರಿ ಬೇಡ. ಬಿಸಿ ಡಿಕಾಕ್ಷನ್‌ಗೆ ಚಿಕೋರಿ ಮೈ ಕೊಡುತ್ತೆ, ಹಾಲಿನ ಜೊತೆ ಚೆನ್ನಾಗಿ ನಿಲ್ಲುತ್ತೆ, ನಾನೂ ಮನೆಯಲ್ಲಿ ಅದನ್ನೇ ಕುಡಿಯೋದು. ಆದರೆ ತಣ್ಣೀರಿನಲ್ಲಿ ಕಾಫಿಗಿಂತ ಮೊದಲು ಚಿಕೋರಿ ಕರಗಿಬಿಡುತ್ತೆ. ಹಾಲಿಲ್ಲದ ಲೋಟದಲ್ಲಿ ಅದರ ಸಿಹಿಗಹಿ ಒಂದೇ ನಾಲಿಗೆಗೆ ಸಿಗುತ್ತೆ. ಬಣ್ಣವೂ ಮಂಕು.

ಪುಡಿ ಇಡ್ಲಿ ರವೆಯಷ್ಟು ದಪ್ಪ ಇರಬೇಕು. ಫಿಲ್ಟರ್ ಕಾಫಿಯ ಪುಡಿ ಇಲ್ಲಿಗೆ ತೀರಾ ನುಣುಪಾಯ್ತು. ಸೋಸುವಾಗ ಕಟ್ಟಿಕೊಳ್ಳುತ್ತೆ. ಜೊತೆಗೆ ಸಣ್ಣ ಧೂಳು ಬಟ್ಟೆ ದಾಟಿ ಬಾಟಲಿಗೆ ಬಂದು, ಅಲ್ಲೂ ದಿನಗಟ್ಟಲೆ ಕಹಿ ಬಿಡ್ತಾ ಇರುತ್ತೆ. ಮೂರನೇ ದಿನಕ್ಕೆ ರುಚಿ ಒರಟಾಯ್ತು ಅಂದರೆ ಬಹಳ ಸಲ ಕಾರಣ ಇದೇ. ಬಾಟಲಿ ಅಲುಗಾಡಿಸದೆ ತಳ ನೋಡಿ. ಕೆಸರು ಕೂತಿದ್ದರೆ ಇನ್ನೊಮ್ಮೆ ಪೇಪರ್ ಫಿಲ್ಟರಿನಲ್ಲಿ ಸೋಸಬೇಕು.

ನೀರು ಐದು ಲೀಟರ್. ಕುದಿಸಿ, ಆರಿಸಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ನೀರು. ಕುದಿಸೋದು ಯಾಕೆ ಅಂತ ಆಮೇಲೆ ಹೇಳ್ತೀನಿ. ಪುಡಿಯ ಮೇಲೆ ನೀರನ್ನು ಒಮ್ಮೆಲೇ ಸುರಿಯಬೇಡಿ. ಮೂರು ಸಲ ಹಾಕಿ, ಪ್ರತಿ ಸಲವೂ ಉದ್ದ ಚಮಚದಿಂದ ತಳದವರೆಗೆ ತಿರುವಿ. ರಾಗಿ ಮುದ್ದೆಯಲ್ಲಿ ಗಂಟು ಉಳಿದ ಹಾಗೆ ಇಲ್ಲೂ ಒಣ ಗಂಟು ಉಳಿಯುತ್ತೆ. ಹದಿನೆಂಟು ಗಂಟೆ ಆದ ಮೇಲೂ ಒಡೆದು ನೋಡಿದರೆ ಒಳಗೆ ಒಣ ಪುಡಿ! ಅಷ್ಟು ಪುಡಿಯ ದುಡ್ಡು ನೇರ ಕಸಕ್ಕೆ.

ಮುಚ್ಚಿ ಫ್ರಿಜ್‌ಗೆ ಇಡಿ. ನನ್ನ ಹೊತ್ತು 18 ಗಂಟೆ. ಸಂಜೆ ನಾಲ್ಕಕ್ಕೆ, ಅಂಗಡಿ ಸ್ವಲ್ಪ ಖಾಲಿ ಇರುವಾಗ ಹಾಕ್ತೀನಿ. ಬೆಳಿಗ್ಗೆ ಹತ್ತಕ್ಕೆ ಸೋಸ್ತೀನಿ. ಹೊರಗಿಟ್ಟರೆ 12 ಗಂಟೆ ಸಾಕು, ರುಚಿಯೂ ಸ್ವಲ್ಪ ದುಂಡಗೆ ಬರುತ್ತೆ ಅನ್ನೋರಿದ್ದಾರೆ. ರುಚಿಯ ಮಾತು ಒಪ್ತೀನಿ. ಆದರೆ ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 32 ಡಿಗ್ರಿ ಇರುತ್ತೆ, ಮಂಗಳೂರಲ್ಲಿ ಕೇಳೋದೇ ಬೇಡ. ಆ ಬಿಸಿಯಲ್ಲಿ ರಾತ್ರಿಯಿಡೀ ನೆನೆದರೆ ದೋಸೆ ಹಿಟ್ಟು ಏನಾಗುತ್ತೆ ಅಂತ ನಿಮಗೆ ಗೊತ್ತು, ಅಲ್ವಾ? ಕಾಫಿಯಲ್ಲಿ ಬ್ಯಾಕ್ಟೀರಿಯಾಗೆ ಹಿಟ್ಟಿನಷ್ಟು ಊಟ ಇಲ್ಲ, ನಿಜ. ಆದರೂ ನಾನು ಆ ಪಂದ್ಯ ಕಟ್ಟಲ್ಲ.

ಸೋಸುವಾಗ ಚೀಲ ಹಿಂಡಬೇಡಿ. ತಾನಾಗಿ ಇಳಿಯಲಿ. ಹಿಂಡಿದರೆ ಧೂಳೂ ಕಹಿಯೂ ಒಟ್ಟಿಗೇ ಬರುತ್ತೆ.

ಈಗ ಅಳೆಯಿರಿ. ಐದು ಲೀಟರ್ ಹಾಕಿದ್ವಿ, ಬಂದದ್ದು ಮೂರು ಲೀಟರ್! ಹೊಸಬರು ಇಲ್ಲಿ ಗಾಬರಿಯಾಗ್ತಾರೆ. ಒಂದು ಗ್ರಾಂ ಪುಡಿ ಸುಮಾರು ಎರಡು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತೆ. ಕಿಲೋ ಪುಡಿ ಎರಡು ಲೀಟರ್ ಕುಡಿದುಬಿಡ್ತು. ಹಾಗಾಗಿ ಲೋಟದ ಬೆಲೆ ಹಾಕುವಾಗ ಐದು ಲೀಟರ್ ಅಂತ ಲೆಕ್ಕ ಮಾಡಬೇಡಿ, ಮೂರು ಅಂತ ಮಾಡಿ. ನಾನು ಮೊದಲ ಮೆನು ಅಚ್ಚು ಹಾಕಿಸಿದ್ದು ಐದರ ಲೆಕ್ಕದಲ್ಲಿ. ಆ ಮೆನು ಎರಡೇ ವಾರ ಗೋಡೆ ಮೇಲಿತ್ತು.

ಈ ಮೂರು ಲೀಟರಿಗೆ ಎಲ್ಲರೂ ಕಾನ್ಸಂಟ್ರೇಟ್ ಅಂತಾರೆ. ನಮ್ಮ ಹುಡುಗರು ಸುಮ್ನೆ "ಗಟ್ಟಿ" ಅಂತಾರೆ. ನಾನೂ ಹಾಗೇ ಕರೀತೀನಿ.

ಗಟ್ಟಿ ಎಷ್ಟು ಗಟ್ಟಿ? ಪುಡಿಯಲ್ಲಿ ಸುಮಾರು ನೂರಕ್ಕೆ 18 ಪಾಲು ಕರಗಿದೆ ಅಂತ ಇಟ್ಟುಕೊಳ್ಳಿ. ಕಿಲೋಗೆ 180 ಗ್ರಾಂ. ಅದು ಐದು ಲೀಟರ್ ನೀರಿನಲ್ಲಿ ಹರಡಿದೆ. ಅಂದರೆ ನೂರಕ್ಕೆ ಮೂರೂವರೆ. ಹೋಲಿಸೋಕೆ ಹೇಳ್ತೀನಿ: ಕೆಫೆಯಲ್ಲಿ ಪೇಪರ್ ಫಿಲ್ಟರ್ ಹಾಕಿ ಕೊಡುವ ಬಿಸಿ ಬ್ಲ್ಯಾಕ್ ಕಾಫಿ ನೂರಕ್ಕೆ 1.2ರಿಂದ 1.4ರ ಹತ್ತಿರ ಇರುತ್ತೆ. 1ರ ಕೆಳಗೆ ಹೋದರೆ ನಾಲಿಗೆಗೆ ನೀರು ಅನಿಸೋಕೆ ಶುರು.

ಈಗ ನನ್ನ ಹಳೇ ಲೋಟಕ್ಕೆ ಬನ್ನಿ. 60 ಮಿಲಿ ಗಟ್ಟಿ, 120 ಮಿಲಿ ನೀರು, ಮೇಲೆ 120 ಗ್ರಾಂ ಐಸ್. ಕಲಸಿದ ಕೂಡಲೇ ಬಲ ನೂರಕ್ಕೆ 1.2. ಅಂದರೆ ಇದೇ ಕುಡಿಯೋಕೆ ಸರಿಯಾದ ಬಲ. ಆದರೆ ಗಿರಾಕಿ ಹಾಗೆ ಗಟಗಟ ಕುಡಿಯಲ್ಲ. ಫೋನ್ ನೋಡ್ತಾರೆ, ಮಾತಾಡ್ತಾರೆ, ಹೊರಗೆ ಬಿಸಿಲು. ಐಸ್ ಪೂರ್ತಿ ಕರಗುವಷ್ಟರಲ್ಲಿ ಲೋಟದಲ್ಲಿ 300 ಮಿಲಿ ಇದೆ, ಬಲ 0.7. ಕಾಫಿ ತೊಳೆದ ನೀರು ಅಂದಿದ್ದರಲ್ಲ, ಅವರು ಸರಿಯಾಗೇ ಹೇಳಿದ್ದರು.

ಹೊಸ ಲೋಟ ಹೀಗೆ. 90 ಮಿಲಿ ಗಟ್ಟಿ, 60 ಮಿಲಿ ತಣ್ಣೀರು, ಅದೇ 120 ಗ್ರಾಂ ಐಸ್. ಮೊದಲ ಗುಟುಕು ನೂರಕ್ಕೆ 2.1, ಸ್ವಲ್ಪ ಖಾರವೇ. ಐಸ್ 50 ಗ್ರಾಂ ಕರಗಿದಾಗ 1.6. ನಮ್ಮಲ್ಲಿ ಹೆಚ್ಚಿನವರು ಅರ್ಧ ಲೋಟ ಕುಡಿಯೋದು ಈ ಹೊತ್ತಿಗೆ. ಪೂರ್ತಿ ಕರಗಿದರೂ 1.2. ಕೊನೆಯ ಗುಟುಕು ಬಿಸಿ ಕಾಫಿಯಷ್ಟು ಬಲ ಇದ್ದರೆ ಆ ಲೋಟದ ಬಗ್ಗೆ ದೂರು ಬರಲ್ಲ. ಅನುಪಾತ ಕಟ್ಟೋದು ಕೊನೆಯ ಗುಟುಕಿನಿಂದ ಹಿಂದಕ್ಕೆ. ಮೊದಲ ಗುಟುಕಿನಿಂದ ಮುಂದಕ್ಕಲ್ಲ.

ಗಟ್ಟಿಯೂ ನೀರೂ ಫ್ರಿಜ್‌ನಿಂದ ಬಂದಿರಬೇಕು, ಇದು ಮುಖ್ಯ. ಒಂದು ಗ್ರಾಂ ಐಸ್ ಕರಗುವಾಗ 80 ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡುತ್ತೆ. ನಮ್ಮ ಲೋಟದ 150 ಮಿಲಿ 5 ಡಿಗ್ರಿಯಲ್ಲಿ ಇದ್ದರೆ, ಅದನ್ನು ಸೊನ್ನೆಗೆ ತರೋಕೆ ಹತ್ತು ಗ್ರಾಂ ಐಸ್ ಸಾಕು. ಅದೇ 28 ಡಿಗ್ರಿಯ ನಲ್ಲಿ ನೀರು, ಹೊರಗಿಟ್ಟ ಬಾಟಲಿ ಬಳಸಿದರೆ 50 ಗ್ರಾಂ ಐಸ್ ಮೇಜಿಗೆ ಹೋಗೋ ಮೊದಲೇ ಮಾಯ. ಅಳತೆ ಒಂದೇ, ಹುಡುಗ ಒಬ್ಬನೇ, ಆದರೂ ಎರಡು ಲೋಟ ಎರಡು ರುಚಿ. "ಇವತ್ತು ಯಾಕೋ ಸಪ್ಪೆ" ಅನ್ನೋ ದಿನ ಮೊದಲು ನೀರಿನ ಜಗ್ ಮುಟ್ಟಿ ನೋಡಿ.

ಒಬ್ಬರು ಕೇಳಿದರು: ಪ್ರತಿ ಬ್ಯಾಚೂ ಮೂರೂವರೆಯೇ ಬರುತ್ತಾ? ಬರಲ್ಲ. ಅರೆಯುವ ಮಷೀನು ಸವೆಯುತ್ತೆ, ಬೀಜ ಬದಲಾಗುತ್ತೆ. ಅದಕ್ಕೆ ನಾನು ಒಂದು ಸಣ್ಣ ರಿಫ್ರಾಕ್ಟೋಮೀಟರ್ ಇಟ್ಟಿದ್ದೀನಿ. ಕಬ್ಬಿನ ಹಾಲು, ಹಣ್ಣಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಸಾಕು. ದುಬಾರಿ ಕಾಫಿ ಮೀಟರ್ ಬೇಕಿಲ್ಲ. ಅದರಲ್ಲಿ ಬಂದ ಅಂಕಿಯನ್ನು 0.85ರಿಂದ ಗುಣಿಸಿದರೆ ಕಾಫಿಯ ಬಲ ಹತ್ತಿರ ಹತ್ತಿರ ಸಿಗುತ್ತೆ. ನನ್ನ ಒಳ್ಳೆ ಬ್ಯಾಚ್ 4.1 ಬ್ರಿಕ್ಸ್ ತೋರಿಸುತ್ತೆ. ಒಂದು ದಿನ 3.6 ಬಂತು ಅಂತಿಟ್ಟುಕೊಳ್ಳಿ. 90ನ್ನು 4.1ರಿಂದ ಗುಣಿಸಿ 3.6ರಿಂದ ಭಾಗಿಸಿದರೆ ಸುಮಾರು 102. ಆ ಬಾಟಲಿಗಳ ಮೇಲೆ "100 ಗಟ್ಟಿ, 50 ನೀರು" ಅಂತ ಬರೆದಂಟಿಸ್ತೀನಿ. ಹುಡುಗರು ಲೆಕ್ಕ ಮಾಡಬೇಕಿಲ್ಲ. ಹನಿ ಹಾಕುವ ಮೊದಲು ಕೆಸರಿಲ್ಲದಂತೆ ಸೋಸಿ, ಕೋಣೆಯ ಬಿಸಿಗೆ ಬಂದ ಮೇಲೆ ನೋಡಿ. ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತೆ.

ಮೀಟರ್ ಇಲ್ಲದವರು ಒಂದು ಲೋಟ ಮಾಡಿ, 20 ನಿಮಿಷ ಮೇಜಿನ ಮೇಲೆ ಬಿಟ್ಟು, ಆಮೇಲೆ ಕುಡಿದು ನೋಡಿ. ಹೊಸ ಬ್ಯಾಚ್ ಬಂದಾಗಲೆಲ್ಲ. ಮಾಡಿದ ಕೂಡಲೇ ರುಚಿ ನೋಡಿ ತಲೆ ಆಡಿಸೋದರಿಂದ ಏನೂ ಗೊತ್ತಾಗಲ್ಲ.

ಹಾಲು ಹಾಕೋದಾದರೆ ನೀರಿನ ಜಾಗಕ್ಕೆ ಹಾಲು, 90 ಗಟ್ಟಿಗೆ 90 ಹಾಲು. ಸಕ್ಕರೆ ತಣ್ಣನೆಯ ಕಾಫಿಯಲ್ಲಿ ಬೇಗ ಕರಗಲ್ಲ. ಸಮ ತೂಕದ ಸಕ್ಕರೆ, ನೀರು ಕುದಿಸಿ ಪಾಕ ಇಟ್ಟುಕೊಳ್ಳಿ.

ಇನ್ನು ಐಸ್ಡ್ ಕಾಫಿ. ಅಂದರೆ ಬಿಸಿ ಡಿಕಾಕ್ಷನ್‌ನಿಂದ ಮಾಡೋದು. ಇಲ್ಲಿ ಐಸಿನ ಲೆಕ್ಕ ಇನ್ನೂ ಕಠಿಣ. 60 ಡಿಗ್ರಿಯ 60 ಮಿಲಿ ಡಿಕಾಕ್ಷನ್ ಐಸ್ ಮೇಲೆ ಸುರಿದರೆ ಆ ಕ್ಷಣವೇ ಸುಮಾರು 40 ಗ್ರಾಂ ಐಸ್ ಕರಗುತ್ತೆ. ಹಾಲು ಬೀಳುವ ಮೊದಲೇ ನಿಮ್ಮ 60 ಮಿಲಿ 100 ಆಗಿರುತ್ತೆ. ಎರಡು ದಾರಿ ಇದೆ. ಆ 40 ಗ್ರಾಮನ್ನು ಮೊದಲೇ ಲೆಕ್ಕಕ್ಕೆ ತಗೊಂಡು ಡಿಕಾಕ್ಷನ್ ಅಷ್ಟೇ ಗಟ್ಟಿಯಾಗಿ ಇಳಿಸಿ. ಇಲ್ಲವೇ ಡಿಕಾಕ್ಷನ್ ಇಳಿದ ಕೂಡಲೇ ಸ್ಟೀಲ್ ಪಾತ್ರೆಯನ್ನು ಐಸ್ ನೀರಿನ ಟಬ್‌ನಲ್ಲಿಟ್ಟು ತಿರುವಿ. ಅರ್ಧ ಲೀಟರ್ ಕಾಲು ಗಂಟೆಯೊಳಗೆ ತಣ್ಣಗಾಗುತ್ತೆ. ಆಮೇಲೆ ಫ್ರಿಜ್. ನಾನು ಎರಡನೆಯದೇ ಮಾಡ್ತೀನಿ. ಬಿಸಿ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತುರುಕಿದರೆ ಪಕ್ಕದ ಹಾಲಿಗೂ ಕೇಡು. ಹೀಗೆ ತಣ್ಣಗೆ ಮಾಡಿದ ಡಿಕಾಕ್ಷನ್ ಮರುದಿನ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತೆ, ಆಮೇಲೆ ಹಳಸಲು ಕಹಿ. ಇದಕ್ಕೆ ಚಿಕೋರಿ ಇರಲಿ. ಹಾಲು, ಸಕ್ಕರೆ, ಐಸ್ ಮೂರನ್ನೂ ಎದುರಿಸಿ ನಿಲ್ಲೋಕೆ ಅದೇ ಬೇಕು.

ಈಗ ದಿನಗಳ ವಿಷಯ. ನೀರು ಕುದಿಸಿ ಅಂದಿದ್ದು ಇದಕ್ಕೇ. ಬಿಸಿ ಕಾಫಿಯಲ್ಲಿ ಕುದಿಯುವ ನೀರೇ ಕಾವಲುಗಾರ. ಪುಡಿಯಲ್ಲಿ, ನೀರಿನಲ್ಲಿ ಏನೇ ಇದ್ದರೂ ಬಹುಪಾಲು ಅಲ್ಲೇ ಸಾಯುತ್ತೆ. ಕೋಲ್ಡ್ ಬ್ರೂನಲ್ಲಿ ಶುರುವಿನಿಂದ ಕೊನೆವರೆಗೆ ಬಿಸಿ ಅನ್ನೋದೇ ಇಲ್ಲ. ಚೀಲದಲ್ಲಿ, ಡಬ್ಬಿಯಲ್ಲಿ, ಕೈಯಲ್ಲಿ ಇದ್ದದ್ದೆಲ್ಲ ಬಾಟಲಿಗೆ ಬರುತ್ತೆ. ಅದನ್ನು ಬೆಳೆಯದಂತೆ ತಡೆಯೋದು ಚಳಿ ಒಂದೇ.

ಕಾಫಿ ಹುಳಿ ಅಲ್ವಾ, ಉಪ್ಪಿನಕಾಯಿ ಥರ ತಾನೇ ಕಾಪಾಡಿಕೊಳ್ಳಲ್ವಾ ಅಂತ ಕೇಳ್ತಾರೆ. ಅಷ್ಟು ಹುಳಿ ಅಲ್ಲ. ಹುಳಿ ಅಳೆಯುವ ಪಿಎಚ್ ಅಂಕಿ ಹುಳಿ ಹೆಚ್ಚಿದಷ್ಟೂ ಇಳಿಯುತ್ತೆ, ಕಾಫಿಯ ಪಿಎಚ್ 5ರ ಆಸುಪಾಸು. ಪಿಎಚ್ 4.6ಕ್ಕಿಂತ ಮೇಲಿದ್ದರೆ, ಗಾಳಿಯಾಡದ ಜಾಗದಲ್ಲಿ ಬಾಟುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯೋಕೆ ಅವಕಾಶ ಇದೆ. 2017ರಲ್ಲಿ ಅಮೆರಿಕದ ಒಂದು ಕಂಪನಿ ನೈಟ್ರೋಜನ್ ಅನಿಲ ತುಂಬಿದ ತನ್ನ ನೈಟ್ರೋ ಕೋಲ್ಡ್ ಬ್ರೂ ಕ್ಯಾನ್‌ಗಳನ್ನು ಇದೇ ಭಯಕ್ಕೆ ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತ್ತು. ಯಾರಿಗೂ ಕಾಯಿಲೆ ಬಂದಿರಲಿಲ್ಲ, ಮುನ್ನೆಚ್ಚರಿಕೆ ಅಷ್ಟೇ. ಈ ವಿಷಕ್ಕೆ ವಾಸನೆ ಇಲ್ಲ, ಹಾಗಾಗಿ ಮೂಸಿ ನೋಡಿ ತಿಳಿಯೋಕೆ ಆಗಲ್ಲ. ಕೆಫೆಗೆ ಇದರಿಂದ ಸಿಗುವ ಪಾಠ ಇಷ್ಟೇ: ಸೀಲ್ ಮಾಡಿದ ಬಾಟಲಿಯಲ್ಲಿ ಕೋಲ್ಡ್ ಬ್ರೂ ಹಾಕಿ ಫ್ರಿಜ್ ಹೊರಗಿನ ಶೆಲ್ಫ್‌ನಲ್ಲಿ ಮಾರಬೇಡಿ. ಅದಕ್ಕೆ ಬೇರೆಯೇ ಕಾರ್ಖಾನೆ ವಿಧಾನ ಬೇಕು.

ನನ್ನ ಅಂಗಡಿಯ ನಿಯಮ ಹೇಳ್ತೀನಿ. ಗಟ್ಟಿ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಏಳು ದಿನ. ಎರಡು ವಾರ ಇಡುವವರೂ ಇದ್ದಾರೆ, ನಾನು ಇಡಲ್ಲ. ನೀರು ಬೆರೆಸಿಟ್ಟದ್ದು ಎರಡು ದಿನ. ಹಾಲು ಬೆರೆಸಿದ್ದು ಇಡೋದೇ ಇಲ್ಲ, ಲೋಟಕ್ಕೆ ಆಗಲೇ ಬೆರೆಸೋದು. ದಿನ ಎಣಿಸೋದು ಸೋಸಿದ ಹೊತ್ತಿನಿಂದಲ್ಲ. ಪುಡಿಗೆ ನೀರು ಬಿದ್ದ ಹೊತ್ತಿನಿಂದ. ಆ 18 ಗಂಟೆಯೂ ಅದರ ಆಯುಸ್ಸೇ.

ಬೆರೆಸಿಟ್ಟದ್ದು ಯಾಕೆ ಬೇಗ ಹೋಗುತ್ತೆ? ಬೆರೆಸುವ ನೀರಿನ ಜೊತೆ ಹೊಸ ಗಾಳಿ ಸೇರುತ್ತೆ, ಇನ್ನೊಂದು ಜಗ್, ಇನ್ನೊಂದು ಕೈ ಮುಟ್ಟುತ್ತೆ. ಕಾಫಿ ತೆಳುವಾಗಿರೋದರಿಂದ ರುಚಿ ಸ್ವಲ್ಪ ಕೆಟ್ಟರೂ ಮುಚ್ಚಿಕೊಳ್ಳೋಕೆ ಏನೂ ಇರಲ್ಲ. ಬೆರೆಸಿ ಇಟ್ಟರೆ ರಶ್ ಹೊತ್ತಲ್ಲಿ ಕೆಲಸ ಬೇಗ, ಒಪ್ತೀನಿ. ಹಾಗಿದ್ದರೆ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ.

ರುಚಿ ಸುರಕ್ಷತೆಗಿಂತ ಮೊದಲೇ ಮುಗಿಯುತ್ತೆ. ನನ್ನ ಅನುಭವದಲ್ಲಿ ನಾಲ್ಕು ದಿನದವರೆಗೆ ಹಣ್ಣಿನ ಘಮ ಇರುತ್ತೆ. ಐದು, ಆರಕ್ಕೆ ಘಮ ಹೋಗಿ ಚಾಕೊಲೇಟ್ ಥರದ ದಪ್ಪ ರುಚಿ ಉಳಿಯುತ್ತೆ, ಹಾಲಿಗೆ ಅದೂ ಸಾಕು. ಅದಾದ ಮೇಲೆ ಒದ್ದೆ ರಟ್ಟಿನ ರುಚಿ. ಇದು ನಿಧಾನವಾಗಿ ಬರೋದರಿಂದ ದಿನಾ ಕುಡಿಯುವ ನಮಗೆ ತಿಳಿಯಲ್ಲ. ಇವತ್ತಿನದ್ದು ಒಂದು ಲೋಟ, ಏಳನೇ ದಿನದ್ದು ಒಂದು ಲೋಟ ಅಕ್ಕಪಕ್ಕ ಇಟ್ಟು, ಯಾವುದು ಯಾವುದೆಂದು ಹೇಳದೆ ಹುಡುಗರಿಗೆ ಕೊಡಿ. ಮುಖ ನೋಡಿದರೆ ಗೊತ್ತಾಗುತ್ತೆ.

ಕೆಟ್ಟದ್ದರ ಗುರುತು ಬೇರೆ. ಮುಚ್ಚಳ ತೆಗೆದಾಗ ಸುಸ್ ಅನ್ನೋದು, ಮೇಲೆ ತೆಳು ಪೊರೆ, ಮೊಸರಿನ ಹುಳಿ ವಾಸನೆ, ತಾಜಾ ಹಾಲು ಹಾಕಿದರೆ ಒಡೆದ ಹಾಗೆ ಕಣ ಕಾಣೋದು. ಒಂದು ಸೋಮವಾರ ನನ್ನ ಬಾಟಲಿ ಸುಸ್ ಅಂತು. ಭಾನುವಾರ ರಾತ್ರಿ ಕರೆಂಟ್ ಹೋಗಿ ಬಂದಿತ್ತು, ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿಲ್ಲ. ಎಂಟು ಲೀಟರ್ ಸಿಂಕಿಗೆ ಸುರಿದೆ. ಅಳು ಬಂತು ಅಂದರೂ ತಪ್ಪಿಲ್ಲ. ಈಗ ಒಂದು ಉಪಾಯ ಮಾಡಿದ್ದೀನಿ. ಸಣ್ಣ ಲೋಟದಲ್ಲಿ ನೀರು ಹಾಕಿ ಐಸ್ ಗಟ್ಟಿಸಿ, ಮೇಲೆ ಒಂದು ರೂಪಾಯಿ ಇಟ್ಟು ಫ್ರೀಜರ್‌ನಲ್ಲಿ ಬಿಟ್ಟಿದ್ದೀನಿ. ಬೆಳಿಗ್ಗೆ ರೂಪಾಯಿ ತಳಕ್ಕೆ ಹೋಗಿದ್ದರೆ ರಾತ್ರಿ ಕರೆಂಟ್ ಬಹಳ ಹೊತ್ತು ಇರಲಿಲ್ಲ ಅಂತ ಅರ್ಥ. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಡೆಯುತ್ತೆ. ಅದಕ್ಕಿಂತ ಹೆಚ್ಚಾದರೆ ಸುರಿಯೋದೇ.

ಫ್ರಿಜ್ ಮೇಲೆ ತೋರಿಸುವ ಅಂಕಿಯನ್ನು ನಂಬಬೇಡಿ. ಒಂದು ಬಾಟಲಿ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಒಳಗಿಡಿ. ನಮ್ಮ ಕೌಂಟರ್ ಕೆಳಗಿನ ಫ್ರಿಜ್ ಬೆಳಿಗ್ಗೆ 4 ತೋರಿಸಿದ್ದು, ಮಧ್ಯಾಹ್ನ ಒಂದೂವರೆಗೆ 11ಕ್ಕೆ ಏರಿತ್ತು. ನಿಮಿಷಕ್ಕೊಮ್ಮೆ ಬಾಗಿಲು ತೆಗೆದರೆ ಪಾಪ ಅದು ತಾನೇ ಏನು ಮಾಡುತ್ತೆ. ಅಂದಿನಿಂದ ಗಟ್ಟಿ ಹಿಂದಿನ ದೊಡ್ಡ ಫ್ರಿಜ್‌ನಲ್ಲಿ, ಒಂದೊಂದು ಲೀಟರಿನ ಬಾಟಲಿಗಳಲ್ಲಿ. ಮುಂದಕ್ಕೆ ಬರೋದು ಒಂದು ಸಲಕ್ಕೆ ಒಂದೇ ಬಾಟಲಿ. ಐದು ಲೀಟರಿನ ಒಂದೇ ಕ್ಯಾನ್ ಇಟ್ಟರೆ ಅದರ ಬಾಯಿ ಐವತ್ತು ಸಲ ತೆಗೀತೀರಿ. ಲೀಟರಿನ ಬಾಟಲಿ ಹತ್ತು ಹನ್ನೊಂದು ಲೋಟಕ್ಕೆ ಮುಗಿದೇ ಹೋಗುತ್ತೆ.

ಸೋಸುವ ಬಟ್ಟೆ ಬಗ್ಗೆ ಒಂದು ಮಾತು. ಕಾಫಿಯ ಎಣ್ಣೆ ಅದರಲ್ಲಿ ಉಳಿದು ಹಳಸುತ್ತೆ. ತೊಳೆದು ಒಣಗಿಸಿದ ಬಟ್ಟೆ ಮೂಸಿ ನೋಡಿ. ಹಳೇ ಕಡಲೆಕಾಯಿ ಎಣ್ಣೆ ವಾಸನೆ ಬಂದರೆ ಎಷ್ಟೇ ಒಳ್ಳೆ ಬೀಜ ಹಾಕಿದರೂ ಬ್ಯಾಚಿಗೆ ಅದೇ ವಾಸನೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಅಕ್ಕ ಒಬ್ಬರು ಕೇಳಿದರು: ಏಳನೇ ದಿನ ಉಳಿದ ಗಟ್ಟಿಯನ್ನು ಕಾಫಿ ಐಸ್ ಮಾಡಿಬಿಡಬಹುದಲ್ವಾ? ಕಾಫಿ ಐಸ್ ಒಳ್ಳೇದೇ ಅಕ್ಕ, ಕರಗಿದರೂ ಲೋಟ ಸಪ್ಪೆ ಆಗಲ್ಲ. ಆದರೆ ಅದನ್ನು ಮೊದಲ ದಿನದ ಗಟ್ಟಿಯಿಂದ ಮಾಡಿ, ನೀರು ಬೆರೆಸಿ 1.2ರ ಬಲಕ್ಕೆ ತಂದು. ಫ್ರೀಜರ್‌ನಲ್ಲಿ ಬ್ಯಾಕ್ಟೀರಿಯಾ ಮಲಗುತ್ತೆ, ಸಾಯಲ್ಲ. ರಟ್ಟಿನ ರುಚಿ ಐಸ್ ಆದರೂ ರಟ್ಟಿನ ರುಚಿಯೇ.

"ಹಾಗಾದರೆ ಉಳಿದದ್ದು ಸುರಿಯಬೇಕಾ?" ಅಂದರು. ಸುರಿಯಬೇಕು. ಆದರೆ ಉಳಿಯೋದು ಎರಡನೇ ಸಲ ಆದರೆ ಬ್ಯಾಚ್ ದೊಡ್ಡದು ಅಂತ ಅರ್ಥ. ನೀವು ದಿನಕ್ಕೆ ಐದು ಲೋಟ ಮಾರ್ತೀರಿ ಅಂದುಕೊಳ್ಳಿ. ಸೋಸೋ ಹೊತ್ತಿಗೆ ಏಳರಲ್ಲಿ ಹತ್ತಿರ ಹತ್ತಿರ ಒಂದು ದಿನ ಹೋಗಿರುತ್ತೆ, ಮಾರೋಕೆ ಉಳಿದದ್ದು ಆರು. ಮೂವತ್ತು ಲೋಟ, ತಲಾ 90 ಮಿಲಿ, ಎರಡು ಲೀಟರ್ ಏಳುನೂರು. ಕಿಲೋ ಬ್ಯಾಚ್ ಆಗುತ್ತೆ. ಆದರೆ ಕೊನೆಯ ಎರಡು ದಿನದ ಗಿರಾಕಿಗೆ ಘಮ ಸಿಗಲ್ಲ. ಅದರ ಬದಲು ಅರ್ಧ ಕಿಲೋಗೆ ಎರಡೂವರೆ ಲೀಟರ್ ನೀರು ಹಾಕಿ, ಭಾನುವಾರ ಸಂಜೆ ಒಂದು, ಬುಧವಾರ ಸಂಜೆ ಒಂದು. ಪ್ರತಿ ಸಲ ಒಂದೂವರೆ ಲೀಟರ್ ಸಿಗುತ್ತೆ, ಹದಿನಾರು ಲೋಟ. ಮೂರು ದಿನಕ್ಕೆ ಹದಿನೈದು ಹೋಗುತ್ತೆ, ಉಳಿದ ಒಂದನ್ನು ನೀವೇ ಕುಡಿಯಿರಿ. ಅವರು ಅದನ್ನು ಅಲ್ಲೇ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡರು.